ಒಮ್ಮತವಿಲ್ಲದ ಅಗತ್ಯಗಳ ಸಂಗ್ರಹ: ರೇಷ್ಮೆಗೂಡು ಮಾರುಕಟ್ಟೆಯ ಸನ್ನಿವೇಶ

ಬಿಸಿನೆಸ್ ಅನಲಿಸ್ಟ್ ಹುದ್ದೆಯ ಸಂದರ್ಶನದಲ್ಲಿ ಸಾಮಾನ್ಯವಾಗಿ ಕೇಳುವ ಒಂದು ಬಗೆಯ ಪ್ರಶ್ನೆ ಇದೆ. ಸಂಬಂಧಪಟ್ಟವರು ತಮಗೇನು ಬೇಕೆಂದು ಸ್ಪಷ್ಟವಾಗಿ ಹೇಳುವುದಿಲ್ಲ, ಹೇಳಿದ್ದೂ ಒಬ್ಬರದು ಒಬ್ಬರಿಗೆ ಹೊಂದುವುದಿಲ್ಲ. ಆಗ ಅಭ್ಯರ್ಥಿ ಏನು ಮಾಡುತ್ತಾನೆ ಎಂಬುದನ್ನು ಇಲ್ಲಿ ನೋಡಲಾಗುತ್ತದೆ.

ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಯಂಥ ಸ್ಥಳ ಇದಕ್ಕೆ ತಕ್ಕ ಉದಾಹರಣೆ. ಕರ್ನಾಟಕದಲ್ಲಿ ಗೂಡಿನ ಮಾರಾಟ 1959ರ ಕಾಯ್ದೆಯ ನಿಯಂತ್ರಣಕ್ಕೆ ಒಳಪಟ್ಟಿದೆ. ಮಾರಾಟಕ್ಕೆ ಬರುವ ಗೂಡಿನೊಳಗೆ ಹುಳು ಜೀವಂತವಾಗಿರುತ್ತದೆ. ದಿನ ಕಳೆದಂತೆ ತೂಕ ಇಳಿಯುತ್ತದೆ. ಚಿಟ್ಟೆ ಗೂಡು ತೂತು ಮಾಡಿ ಹೊರಬಂದರೆ ಎಳೆ ತುಂಡಾಗಿ, ನೂಲು ಬಿಚ್ಚಲು ಬರುವುದಿಲ್ಲ. ಆದ್ದರಿಂದ ಜಗಳ ಬಗೆಹರಿಯುವ ತನಕ ಲಾಟನ್ನು ಹಾಗೇ ಇಟ್ಟುಕೊಳ್ಳೋಣ ಎಂಬ ದಾರಿ ಇಲ್ಲಿ ನಡೆಯುವುದಿಲ್ಲ.

ಸನ್ನಿವೇಶ ಹೀಗಿರಬಹುದು. ಹರಾಜಿನ ತಂತ್ರಾಂಶ ಬದಲಾಗಬೇಕಿದೆ. ‘ಹರಾಜು ಬೇಗ ಮುಗಿಯಬೇಕು’ ಎಂದು ರೈತ, ರೀಲರ್, ಅಧಿಕಾರಿ ಮೂವರೂ ಹೇಳುತ್ತಾರೆ. ಮೂವರನ್ನೂ ಒಟ್ಟಿಗೆ ಕೂರಿಸಿದರೆ ಗಟ್ಟಿ ದನಿಯವರ ಮಾತೇ ದಾಖಲಾಗುವ ಸಂಭವ ಹೆಚ್ಚು. ಅದಕ್ಕಾಗಿ ಮೊದಲು ಬೇರೆ ಬೇರೆಯಾಗಿ ಭೇಟಿಯಾಗಬೇಕು. ‘ನಿಮಗೇನು ಬೇಕು’ ಎಂದು ಕೇಳುವುದಕ್ಕಿಂತ ‘ಕಳೆದ ಸಲ ಗೂಡು ತಂದಾಗ ಏನೇನಾಯಿತು’ ಎಂದು ಕೇಳುವುದು ಒಳ್ಳೆಯದು. ಆಗ ‘ಮುಗಿಯುವುದು’ ಎಂಬ ಪದದ ಮೂರು ಅರ್ಥ ಹೊರಬರುತ್ತವೆ: ರೈತನಿಗೆ ಖಾತೆಗೆ ಹಣ ಬಂದಾಗ, ರೀಲರ್‌ಗೆ ಗೂಡು ಗಾಡಿಗೇರಿದಾಗ, ಅಧಿಕಾರಿಗೆ ಬಿಡ್ ನಿಂತಾಗ.

ಲಾಟ್ ನೋಂದಣಿ, ಬಿಡ್, ರೈತನ ಒಪ್ಪಿಗೆ, ತೂಕ, ಪಾವತಿ, ಸಾಗಣೆ ಎಂದು ಹಂತಗಳನ್ನು ಬರೆದಿಟ್ಟರೆ ಭಿನ್ನಾಭಿಪ್ರಾಯ ಇರುವುದು ಕೊನೆಯ ಎರಡು ಹಂತಗಳ ನಡುವೆ ಮಾತ್ರ ಎಂಬುದು ಕಾಣುತ್ತದೆ. ಹಣ ಬಾರದೆ ಗೂಡು ಬಿಡಲು ರೈತ ಒಪ್ಪುವುದಿಲ್ಲ. ನೂಲು ಮಾರಿದ ಮೇಲಷ್ಟೇ ಕೈಗೆ ಹಣ ಬರುವ ರೀಲರ್ ಸಮಯ ಕೇಳುತ್ತಾನೆ.

ರೀಲರ್ ಮುಂಗಡವಾಗಿ ಕಟ್ಟಿದ ಹಣದ ಮಿತಿಯಲ್ಲೇ ಬಿಡ್ ಮಾಡಲಿ ಎಂಬುದು ಸಹಜವಾಗಿ ಹೊಳೆಯುವ ಪರಿಹಾರ. ಇದರಲ್ಲೊಂದು ತೊಡಕಿದೆ: ಬಿಡ್ ಆಗುವುದು ಕಿಲೋ ದರಕ್ಕೆ, ತೂಕ ಆಗುವುದು ಆಮೇಲೆ. ಲಾಟ್ ಅಂದಾಜು 70 ಕಿಲೋ, ದರ 500 ರೂಪಾಯಿ, ರೀಲರ್ ಕಟ್ಟಿದ್ದು 36,000 ಎಂದಿಟ್ಟುಕೊಂಡರೆ ಬಿಡ್ 35,000ಕ್ಕೆ ಸಿಂಧುವಾಗುತ್ತದೆ. ತಕ್ಕಡಿಯಲ್ಲಿ 76 ಕಿಲೋ ಬಂದರೆ ಮೊತ್ತ 38,000, ಕೊರತೆ 2,000. ಈ ಕೊರತೆ ತುಂಬುವ ತನಕ ಇಡೀ ಲಾಟ್ ನಿಲ್ಲಬೇಕೇ, ನಾಲ್ಕು ಕಿಲೋ ಮಾತ್ರ ನಿಲ್ಲಬೇಕೇ ಎಂಬುದೇ ನಿಜವಾದ ಪ್ರಶ್ನೆ. ಇದನ್ನು ತೀರ್ಮಾನಿಸುವ ಅಧಿಕಾರ ಅನಲಿಸ್ಟ್‌ಗೆ ಇಲ್ಲ. ಎರಡೂ ಆಯ್ಕೆಗಳಿಂದ ಯಾರಿಗೆ ಏನು ನಷ್ಟವೆಂದು ಬರೆದು, ತೀರ್ಮಾನಿಸಬೇಕಾದ ಅಧಿಕಾರಿಯ ಮುಂದಿಟ್ಟು, ಒಪ್ಪದವರ ಆಕ್ಷೇಪವನ್ನೂ ದಾಖಲಿಸುವುದು ಅನಲಿಸ್ಟ್‌ನ ಕೆಲಸ.

ನೇರವಾಗಿ ಆ್ಯಪ್ ವಿನ್ಯಾಸಕ್ಕೆ ಹಾರುವುದು, ಬಹುಮತಕ್ಕೆ ಬಿಡುವುದು ಅಭ್ಯರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪುಗಳು. ಅಧಿಕಾರಿಯ ತೀರ್ಮಾನದಂತೆ ಬರೆದ ನಿಯಮ ಸ್ಪಷ್ಟವಾಗಿದೆಯೇ ಎಂದು ತಿಳಿಯಲು ಇದೇ 76 ಕಿಲೋ ಲಾಟಿನ ಲೆಕ್ಕವನ್ನು ಮೂವರಿಗೂ ಪ್ರತ್ಯೇಕವಾಗಿ ಕೊಟ್ಟು, ಎಷ್ಟು ಗೂಡು ಯಾವಾಗ ಹೊರಡುತ್ತದೆ ಎಂದು ಕೇಳಬೇಕು. ಉತ್ತರಗಳು ಬೇರೆಯಾದರೆ ನಿಯಮವನ್ನು ಮತ್ತೆ ಬರೆಯಬೇಕಾಗುತ್ತದೆ.