ಫ್ರೆಶರ್‌ಗಳ ಕವರ್ ಲೆಟರ್: ಚೀಟಿಯಲ್ಲಿ ಗೀಚಿದ ಅಂಶಗಳನ್ನು ಮೂರು ಪ್ಯಾರಾಗೆ ಹೊಂದಿಸುವುದು ಹೇಗೆ?

ಬಯೋಡಾಟಾದ ಜೊತೆಗೆ ಕಳುಹಿಸುವ ಒಂದು ಪುಟದ ಪತ್ರವೇ ಕವರ್ ಲೆಟರ್. ಅನುಭವ ಇಲ್ಲದವರು ಇದರಲ್ಲಿ ಏನು ಬರೆಯುವುದು ಅಂತ ತೋಚದೆ, ಬಯೋಡಾಟಾವನ್ನೇ ಮತ್ತೊಮ್ಮೆ ಬರೆದುಬಿಡುತ್ತಾರೆ. ಆದರೆ ಪತ್ರ ಓದುವವರಿಗೆ ಬೇಕಿರುವುದು ಮೂರೇ ಉತ್ತರ. ಯಾವ ಕೆಲಸಕ್ಕೆ ಅರ್ಜಿ? ಆ ಕೆಲಸ ಈತನಿಗೆ ಬರುತ್ತದೆ ಎನ್ನಲು ಏನು ಆಧಾರ? ಮುಂದೆ ಏನು ಮಾಡಬೇಕು? ಪತ್ರದ ಆರಂಭ, ಕೌಶಲದ ಪ್ಯಾರಾ ಮತ್ತು ಮುಕ್ತಾಯ ಈ ಮೂರಕ್ಕೆ ಕ್ರಮವಾಗಿ ಉತ್ತರಿಸಬೇಕು.

ಒಂದು ಉದಾಹರಣೆ

ಮಂಜೇಶ್ವರದ ಬಿ.ಕಾಂ. ಪದವೀಧರನೊಬ್ಬ ಮಂಗಳೂರಿನ ಸಗಟು ಅಂಗಡಿಯೊಂದಕ್ಕೆ ಅರ್ಜಿ ಹಾಕುತ್ತಿದ್ದಾನೆ ಎಂದಿಟ್ಟುಕೊಳ್ಳೋಣ. ಜಾಹೀರಾತಿನಲ್ಲಿ ಹೀಗಿದೆ: 'ಅಕೌಂಟ್ಸ್ ಅಸಿಸ್ಟೆಂಟ್ ಬೇಕಾಗಿದ್ದಾರೆ. ಟ್ಯಾಲಿ, ಜಿಎಸ್‌ಟಿ ಬಿಲ್ಲಿಂಗ್ ತಿಳಿದಿರಬೇಕು. ಗ್ರಾಹಕರೊಂದಿಗೆ ಫೋನಿನಲ್ಲಿ ಮಾತನಾಡಬೇಕು.'

ಆತ ಚೀಟಿಯಲ್ಲಿ ಗೀಚಿದ ಅಂಶಗಳು:

1. ಬಿ.ಕಾಂ., 68 ಶೇಕಡಾ
2. ಮೂರು ತಿಂಗಳ ಟ್ಯಾಲಿ ಕೋರ್ಸ್
3. ಸೋದರಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ತಿಂಗಳು ಬಿಲ್ಲಿಂಗ್
4. ಕನ್ನಡ, ಮಲಯಾಳಂ, ಬ್ಯಾರಿ, ತುಳು, ಹಿಂದಿ ಗೊತ್ತು
5. ಪ್ರಾಮಾಣಿಕ, ಶ್ರಮಜೀವಿ
6. ಮನೆಯಲ್ಲಿ ಕಷ್ಟ, ಕೆಲಸ ತುರ್ತಾಗಿ ಬೇಕು
7. ಕ್ರಿಕೆಟ್
8. ದಿನವೂ ಹೋಗಿಬರಬಹುದು, ಕೂಡಲೇ ಸೇರಬಹುದು

ಇವನ್ನು ಜಾಹೀರಾತಿನ ಪಕ್ಕ ಇಟ್ಟು ನೋಡಬೇಕು. ಒಂದನೆಯದು ಆರಂಭಕ್ಕೆ ಹೋಗುತ್ತದೆ. ಎರಡು, ಮೂರು, ನಾಲ್ಕು ಜಾಹೀರಾತು ಕೇಳಿದ ಅಂಶಗಳೇ ಆದ್ದರಿಂದ ಕೌಶಲದ ಪ್ಯಾರಾಗೆ. ಎಂಟನೆಯದು ಮುಕ್ತಾಯಕ್ಕೆ. ಕ್ರಿಕೆಟ್ ಬೇಕಿದ್ದರೆ ಬಯೋಡಾಟಾದಲ್ಲಿ ಇರಲಿ. ಮನೆಯ ಕಷ್ಟ ನಿಜವೇ ಆದರೂ ಕೆಲಸ ಬರುತ್ತದೆ ಎಂಬುದಕ್ಕೆ ಅದು ಆಧಾರವಲ್ಲ, ಬಿಡಬೇಕು. 'ಪ್ರಾಮಾಣಿಕ' ಎಂದು ಎಲ್ಲರೂ ಬರೆಯುತ್ತಾರೆ. ಅದರ ಬದಲು ದಿನವೂ ಸಂಜೆ ಗಲ್ಲಾಪೆಟ್ಟಿಗೆಯ ಹಣವನ್ನು ಬಿಲ್ಲಿನೊಂದಿಗೆ ತಾಳೆ ನೋಡುತ್ತಿದ್ದೆ ಎಂದರೆ ಓದುವವರಿಗೇ ಅರ್ಥವಾಗುತ್ತದೆ.

ಹೊಂದಿಸಿದ ಪತ್ರ

*ವಿಷಯ: ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಗೆ ಅರ್ಜಿ*

*ಮಾನ್ಯರೇ,*

*ಪತ್ರಿಕೆಯಲ್ಲಿ ಪ್ರಕಟವಾದ ಜಾಹೀರಾತನ್ನು ನೋಡಿ ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ಈ ವರ್ಷ 68 ಶೇಕಡಾ ಅಂಕಗಳೊಂದಿಗೆ ಬಿ.ಕಾಂ. ಮುಗಿಸಿದ್ದೇನೆ.*

*ಮೂರು ತಿಂಗಳ ಟ್ಯಾಲಿ ಕೋರ್ಸ್ ಮಾಡಿದ್ದು, ಖರೀದಿ ಮತ್ತು ಮಾರಾಟದ ಎಂಟ್ರಿ ಮಾಡಬಲ್ಲೆ. ರಜೆಯಲ್ಲಿ ಎರಡು ತಿಂಗಳು ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ದಿನಕ್ಕೆ ಸುಮಾರು 40 ಜಿಎಸ್‌ಟಿ ಬಿಲ್ ಮಾಡುತ್ತಿದ್ದೆ. ಸಂಜೆ ನಗದನ್ನು ಬಿಲ್ಲಿನೊಂದಿಗೆ ತಾಳೆ ನೋಡುವುದೂ ನನ್ನ ಕೆಲಸವಾಗಿತ್ತು. ಗ್ರಾಹಕರೊಂದಿಗೆ ಕನ್ನಡ, ಮಲಯಾಳಂ, ಬ್ಯಾರಿ, ತುಳು, ಹಿಂದಿಯಲ್ಲಿ ಮಾತನಾಡಬಲ್ಲೆ.*

*ಬಯೋಡಾಟಾ ಲಗತ್ತಿಸಿದ್ದೇನೆ. ಮಂಜೇಶ್ವರದಿಂದ ದಿನವೂ ಬಂದುಹೋಗಬಲ್ಲೆ, ಕೂಡಲೇ ಸೇರಬಲ್ಲೆ. ಸಂದರ್ಶನಕ್ಕೆ ಅವಕಾಶ ಕೊಡಬೇಕಾಗಿ ವಿನಂತಿ.*

*ವಂದನೆಗಳೊಂದಿಗೆ,*
*(ಹೆಸರು, ಮೊಬೈಲ್ ಸಂಖ್ಯೆ)*

ಜಾಹೀರಾತು ಇಂಗ್ಲಿಷಿನಲ್ಲಿದ್ದರೆ ಪತ್ರವೂ ಇಂಗ್ಲಿಷಿನಲ್ಲಿರಬೇಕು. ಕ್ರಮ ಮಾತ್ರ ಇದೇ.

ಎಡವುವುದು ಎಲ್ಲಿ?

ಹೆಚ್ಚಿನವರು ಎಡವುವುದು ಕೌಶಲದ ಪ್ಯಾರಾದಲ್ಲಿ. ಬಿಲ್ ಮಾತ್ರ ಮಾಡಿದವರು 'ಜಿಎಸ್‌ಟಿ ರಿಟರ್ನ್ ಸಲ್ಲಿಸಿದ ಅನುಭವವಿದೆ' ಅಂತ ಬರೆದರೆ, ಸಂದರ್ಶನದಲ್ಲಿ ಜಿಎಸ್‌ಟಿಆರ್-1 ಮತ್ತು ಜಿಎಸ್‌ಟಿಆರ್-3ಬಿಗೆ ಏನು ವ್ಯತ್ಯಾಸ ಎಂಬ ಪ್ರಶ್ನೆ ಬರಬಹುದು. ಮೊದಲನೆಯದು ಮಾರಾಟದ ವಿವರ, ಎರಡನೆಯದು ತೆರಿಗೆ ಲೆಕ್ಕದ ಸಾರಾಂಶ. ಅದು ಗೊತ್ತಿಲ್ಲದಿದ್ದರೆ ನಿಜವಾಗಿ ಮಾಡಿದ ಬಿಲ್ಲಿಂಗ್ ಕೆಲಸದ ಮೇಲೂ ನಂಬಿಕೆ ಹೋಗುತ್ತದೆ. ಆದ್ದರಿಂದ ಪ್ರತಿ ವಾಕ್ಯಕ್ಕೂ 'ಎಲ್ಲಿ, ಎಷ್ಟು, ಹೇಗೆ?' ಎಂದು ಕೇಳಿಕೊಳ್ಳಬೇಕು. ಉತ್ತರ ಇಲ್ಲದ ವಾಕ್ಯವನ್ನು ತೆಗೆಯುವುದೇ ಒಳ್ಳೆಯದು.

ಇನ್ನೊಂದು ತಪ್ಪು ಒಂದೇ ಪತ್ರವನ್ನು ಹತ್ತು ಕಡೆ ಕಳುಹಿಸುವುದು. ಹಳೆಯ ಸಂಸ್ಥೆಯ ಹೆಸರು ಅಥವಾ ಹುದ್ದೆ ಹಾಗೇ ಉಳಿದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಪ್ರತಿ ಅರ್ಜಿಗೂ ವಿಷಯ, ಮೊದಲ ವಾಕ್ಯ ಮತ್ತು ಕೌಶಲದ ಪ್ಯಾರಾ ಈ ಮೂರನ್ನಾದರೂ ಹೊಸ ಜಾಹೀರಾತಿಗೆ ತಕ್ಕಂತೆ ಬದಲಿಸಬೇಕು. ಅದೇ ಹುಡುಗ ಮೊಬೈಲ್ ಅಂಗಡಿಯ ಸೇಲ್ಸ್ ಕೆಲಸಕ್ಕೆ ಬರೆಯುವುದಾದರೆ, ಗ್ರಾಹಕರೊಂದಿಗೆ ಮಾತನಾಡುವ ಭಾಷೆಗಳು ಮೊದಲು ಬರಬೇಕು, ಟ್ಯಾಲಿ ಕೊನೆಗೆ.