ಜಂಟಿ ಯೋಜನೆಯ ಪ್ರಸ್ತಾವ (ಇತಿಹಾಸ)

ಒಂದು ಕಂಪನಿ ಮತ್ತೊಂದು ಕಂಪನಿಯ ಮುಂದೆ ‘ಇದನ್ನು ಇಬ್ಬರೂ ಸೇರಿ ಮಾಡೋಣ’ ಎಂದು ಇಡುವ ಮಾತಿಗೆ ಜಂಟಿ ಯೋಜನೆಯ ಪ್ರಸ್ತಾವ ಎನ್ನುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಮೂರು ಭಾಗಗಳಿರುತ್ತವೆ. ಮೊದಲನೆಯದು ಕೆಲಸ ಏನು ಎಂಬುದು, ಎರಡನೆಯದು ಅದರಿಂದ ಯಾರಿಗೆ ಏನು ಲಾಭ ಎಂಬುದು, ಮೂರನೆಯದು ಮೊದಲ ಮಾತುಕತೆಗೆ ಕರೆ. ಒಪ್ಪಂದವಾದರೆ ಅದರ ಪ್ರತಿ ಕಡತದಲ್ಲಿ ಉಳಿಯುತ್ತದೆ, ಆದರೆ ಅದಕ್ಕೂ ಮುಂಚಿನ ಪ್ರಸ್ತಾವ ಹಾಗೆ ಉಳಿಯುವುದು ಅಪರೂಪ. ಹಾಗಾಗಿ ಮೊದಲು ಬಾಗಿಲು ತಟ್ಟಿದವರು ಯಾರು ಎಂಬ ಪ್ರಶ್ನೆಗೆ ಎರಡು ಕಂಪನಿಗಳ ಇತಿಹಾಸಗಳು ಬೇರೆ ಬೇರೆ ಉತ್ತರ ಕೊಡುವುದುಂಟು.

ಆರಂಭದ ಒಂದು ದಾಖಲೆ

ಆರಂಭದ ನಿದರ್ಶನಗಳಲ್ಲಿ ಹೆಚ್ಚು ಪರಿಚಿತವಾದದ್ದು ಉಗಿಯಂತ್ರದ ಕತೆ. 1769ರಲ್ಲಿ ಜೇಮ್ಸ್ ವ್ಯಾಟ್‌ನ ಪಾಲುದಾರ ಜಾನ್ ರೋಬಕ್, ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆದಾರ ಮ್ಯಾಥ್ಯೂ ಬೋಲ್ಟನ್‌ಗೆ ಇಂಗ್ಲೆಂಡಿನ ಮೂರು ಕೌಂಟಿಗಳಲ್ಲಿ ಮಾತ್ರ ಯಂತ್ರ ತಯಾರಿಸುವ ಪರವಾನಗಿ ಕೊಡಲು ಮುಂದಾದ. ಮೂರೇ ಕೌಂಟಿಗಳಿಗೆ ಯಂತ್ರ ಮಾಡುವುದು ಗಿಟ್ಟುವುದಿಲ್ಲ, ಇಡೀ ಜಗತ್ತಿಗೆ ಮಾಡುವುದಾದರೆ ಸರಿ ಎಂದು ಬೋಲ್ಟನ್ ಆ ವರ್ಷದ ಫೆಬ್ರವರಿಯಲ್ಲಿ ಪತ್ರ ಬರೆದು ಅದನ್ನು ನಿರಾಕರಿಸಿದ. 1773ರಲ್ಲಿ ರೋಬಕ್ ದಿವಾಳಿಯಾದ ಮೇಲೆ ಆತನ ಪಾಲು ಬೋಲ್ಟನ್ ಕೈಗೆ ಬಂತು. 1775ರಲ್ಲಿ ವ್ಯಾಟ್‌ನ ಪೇಟೆಂಟಿನ ಅವಧಿಯನ್ನು ಸಂಸತ್ತು 1800ರವರೆಗೆ ವಿಸ್ತರಿಸಿತು. ಈ ಪ್ರಕರಣದ ಪತ್ರಗಳು ಉಳಿದಿರುವುದರಿಂದ ವಿವಾದಕ್ಕೆ ಅವಕಾಶ ಕಡಿಮೆ.

ಫಿಲಿಪ್ಸ್ ಮತ್ತು ಸೋನಿ

ಗೊಂದಲ ಹೆಚ್ಚಿರುವುದು ಇಪ್ಪತ್ತನೆಯ ಶತಮಾನದ ಒಂದು ಪ್ರಸ್ತಾವದ ಬಗ್ಗೆ. ಕಾಂಪ್ಯಾಕ್ಟ್ ಡಿಸ್ಕ್, ಅಂದರೆ ಸಿಡಿ, ಹುಟ್ಟಿದ್ದು ಅದರಿಂದಲೇ. 1979ರ ಮಾರ್ಚ್ 8ರಂದು ನೆದರ್ಲೆಂಡ್ಸ್‌ನ ಫಿಲಿಪ್ಸ್ ಕಂಪನಿ ಐಂಡ್‌ಹೋವನ್‌ನಲ್ಲಿ ಪತ್ರಕರ್ತರನ್ನು ಕರೆದು, ಲೇಸರ್ ಕಿರಣದಿಂದ ಓದುವ 11.5 ಸೆಂಟಿಮೀಟರ್ ಅಗಲದ ತಟ್ಟೆಯಿಂದ ಸಂಗೀತ ಕೇಳಿಸಿತು. ಅದೇ ತಿಂಗಳು ಅದರ ತಂಡ ಜಪಾನಿಗೆ ಹೋಗಿ ಅಲ್ಲಿನ ಹಲವು ತಯಾರಕರಿಗೆ ಅದೇ ಪ್ರದರ್ಶನ ನೀಡಿತು. ಈ ಪ್ರವಾಸದ ಬೆನ್ನಲ್ಲೇ ಸೋನಿಯೊಂದಿಗೆ ಸಹಕಾರ ಕುದುರಿತು. ಫಿಲಿಪ್ಸ್ ಕಡೆಯ ನಿರೂಪಣೆಗಳಲ್ಲಿ ಕತೆ ಶುರುವಾಗುವುದು ಇಲ್ಲಿಂದ. ಸೋನಿಯ ಇತಿಹಾಸ ಒಂದು ವರ್ಷ ಹಿಂದಕ್ಕೆ ಹೋಗುತ್ತದೆ. 1978ರಲ್ಲಿ ಸೋನಿಯ ನೊರಿಯೊ ಒಗಾ ಐಂಡ್‌ಹೋವನ್‌ಗೆ ಭೇಟಿ ಕೊಟ್ಟಾಗಲೇ ಆ ತಟ್ಟೆಯನ್ನು ನೋಡಿದ್ದರು ಎಂಬುದು ಅದರ ಹೇಳಿಕೆ. ಎರಡೂ ನಿರೂಪಣೆಗಳು ಒಂದನ್ನೊಂದು ಅಲ್ಲಗಳೆಯುವುದಿಲ್ಲ. ಮೊದಲ ಭೇಟಿ ಯಾವುದೆಂದು ಎಣಿಸುವಲ್ಲಿ ಮಾತ್ರ ಭೇದ.

ಇಬ್ಬರಿಗೂ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುವ ಸ್ಥಿತಿ ಇತ್ತು. ಫಿಲಿಪ್ಸ್ ಬಳಿ ಲೇಸರ್ ವಿಡಿಯೊ ತಟ್ಟೆಯಿಂದ ಬಂದ ದೃಗ್ವಿಜ್ಞಾನದ ಅನುಭವವಿತ್ತು. ಸೀಮೆನ್ಸ್ ಜೊತೆ ಸೇರಿ ನಡೆಸುತ್ತಿದ್ದ ಪಾಲಿಗ್ರಾಂ ಎಂಬ ಧ್ವನಿಮುದ್ರಿಕೆ ಕಂಪನಿಯೂ ಇತ್ತು. ಆದರೆ ಅದರ ವಿಡಿಯೊ ತಟ್ಟೆ ಮಾರುಕಟ್ಟೆಯಲ್ಲಿ ಸೋಲುತ್ತಿತ್ತು. ಸೋನಿಗೆ ಧ್ವನಿಯನ್ನು ಅಂಕಿಗಳಾಗಿಸಿ ಟೇಪಿನಲ್ಲಿ ದಾಖಲಿಸುವುದರಲ್ಲಿ, ಓದುವಾಗ ನುಸುಳುವ ತಪ್ಪುಗಳನ್ನು ಸರಿಪಡಿಸುವುದರಲ್ಲಿ ಕೈ ಪಳಗಿತ್ತು. ಸಿಬಿಎಸ್ ಜೊತೆಗಿನ ಧ್ವನಿಮುದ್ರಿಕೆ ಕಂಪನಿಯಲ್ಲಿ ಪಾಲೂ ಇತ್ತು. ವಿಡಿಯೊ ಕ್ಯಾಸೆಟ್‌ನ ವಿಚಾರದಲ್ಲಿ ಅದರ ಬೀಟಾಮ್ಯಾಕ್ಸ್‌ಗೆ ಜೆವಿಸಿಯ ವಿಎಚ್‌ಎಸ್ ಎದುರಾಳಿಯಾಗಿ ನಿಂತಿದ್ದ ಕಾಲ ಅದು. ಡಿಜಿಟಲ್ ತಟ್ಟೆಯಲ್ಲೂ ಜೆವಿಸಿ ಮತ್ತು ಟೆಲಿಫುಂಕನ್ ತಮ್ಮದೇ ಮಾದರಿಗಳೊಂದಿಗೆ ಸಿದ್ಧವಾಗುತ್ತಿದ್ದವು. ಹೀಗಾಗಿ ಇಬ್ಬರ ಮುಖ್ಯ ಲಾಭ ಯಂತ್ರಕ್ಕಿಂತ ಹೆಚ್ಚಾಗಿ ಒಂದೇ ಪ್ರಮಾಣಕದಲ್ಲಿತ್ತು. ಈ ಎರಡು ಕಂಪನಿಗಳಿಗೆ ಹಳೆಯ ಪರಿಚಯವೂ ಇತ್ತು. 1960ರ ದಶಕದಲ್ಲಿ ಫಿಲಿಪ್ಸ್‌ನ ಆಡಿಯೊ ಕ್ಯಾಸೆಟ್ ತಯಾರಿಸಲು ಸೋನಿ ಚೌಕಾಸಿ ಮಾಡಿ ರಾಯಲ್ಟಿ ಇಲ್ಲದೆಯೇ ಪರವಾನಗಿ ಪಡೆದಿತ್ತು.

ಮೊದಲ ಸಭೆಯ ನಂತರ

ತಂತ್ರಜ್ಞರ ಮೊದಲ ಸಭೆ 1979ರ ಆಗಸ್ಟ್‌ನಲ್ಲಿ ಐಂಡ್‌ಹೋವನ್‌ನಲ್ಲಿ ನಡೆಯಿತು. ಮುಂದಿನ ಸಭೆಗಳು ಟೋಕಿಯೊ ಮತ್ತು ಐಂಡ್‌ಹೋವನ್‌ಗಳಲ್ಲಿ ಸರದಿಯಂತೆ ಸೇರಿದವು. 1980ರ ಮಧ್ಯಭಾಗದ ಹೊತ್ತಿಗೆ ಮುಖ್ಯ ಅಂಶಗಳೆಲ್ಲ ನಿಶ್ಚಯವಾಗಿದ್ದವು. ಪರಸ್ಪರ ಲಾಭ ಎಂಬ ಸಾಮಾನ್ಯ ಮಾತು ಇಲ್ಲಿ ಒಂದೊಂದೇ ಅಳತೆಯಲ್ಲಿ ಪರೀಕ್ಷೆಗೆ ಒಳಗಾಯಿತು.

ಮೊದಲ ತಕರಾರು ಬಿಟ್‌ಗಳದು. ಧ್ವನಿಯ ಪ್ರತಿ ಮಾದರಿಗೆ 14 ಬಿಟ್ ಸಾಕು ಎಂದು ಫಿಲಿಪ್ಸ್ ಹೇಳಿತು, ಏಕೆಂದರೆ ಅದರ ಬಳಿ ತಯಾರಿದ್ದ ಪರಿವರ್ತಕ ಚಿಪ್ ಅಷ್ಟರದ್ದೇ. ಸೋನಿ 16 ಬಿಟ್‌ಗೆ ಪಟ್ಟು ಹಿಡಿದು ಗೆದ್ದಿತು. ಆದರೆ ಫಿಲಿಪ್ಸ್ ತನ್ನ ಚಿಪ್ಪನ್ನು ಎಸೆಯಲಿಲ್ಲ. ಮಾದರಿಗಳ ದರವನ್ನು ನಾಲ್ಕು ಪಟ್ಟು ಹೆಚ್ಚಿಸಿ, ಗದ್ದಲವನ್ನು ಕಿವಿಗೆ ಕೇಳಿಸದ ಆವರ್ತನಗಳಿಗೆ ತಳ್ಳುವ ಉಪಾಯದಿಂದ ಅದೇ 14 ಬಿಟ್ ಚಿಪ್‌ನಲ್ಲಿ 16 ಬಿಟ್‌ಗೆ ಸರಿಸಮನಾದ ಗುಣಮಟ್ಟ ತೆಗೆಯಿತು. ತಟ್ಟೆಯ ಮೇಲೆ ಬಿಟ್‌ಗಳನ್ನು ಬರೆಯುವ ಸಂಕೇತ ಫಿಲಿಪ್ಸ್‌ನ ಕೀಸ್ ಇಮ್ಮಿಂಕ್ ಅವರ ಕೊಡುಗೆಯಾದರೆ, ತಪ್ಪು ತಿದ್ದುವ ವಿಧಾನ ಮುಖ್ಯವಾಗಿ ಸೋನಿಯದು.

ವ್ಯಾಸದ ವಿವಾದ

ತಟ್ಟೆಯ ವ್ಯಾಸ 115 ಮಿಲಿಮೀಟರ್‌ನಿಂದ 120ಕ್ಕೆ ಏರಿದ್ದೇಕೆ? ಜನಪ್ರಿಯ ಉತ್ತರ ಬೀಥೊವನ್‌ನ ಒಂಬತ್ತನೇ ಸಿಂಫನಿ. ಫುರ್ಟ್‌ವೆಂಗ್ಲರ್ 1951ರಲ್ಲಿ ನಡೆಸಿಕೊಟ್ಟ, 74 ನಿಮಿಷಗಳ ಆ ಮುದ್ರಿಕೆ ಒಂದೇ ತಟ್ಟೆಯಲ್ಲಿ ಹಿಡಿಸಬೇಕು ಎಂದು ಒಗಾ ಹಟ ಹಿಡಿದರು ಎನ್ನುವುದು ಕತೆ. ಹೇಳುವವರು ಬದಲಾದಂತೆ ಒಗಾ ಇದ್ದ ಜಾಗದಲ್ಲಿ ನಿರ್ದೇಶಕ ಕರಾಯನ್ ಬರುತ್ತಾರೆ, ಕೆಲವೊಮ್ಮೆ ಸೋನಿಯ ಹಿರಿಯರೊಬ್ಬರ ಪತ್ನಿ ಬರುತ್ತಾರೆ.

ಸಭೆಗಳಲ್ಲಿ ಪಾಲ್ಗೊಂಡಿದ್ದ ಇಮ್ಮಿಂಕ್ ಇದಕ್ಕೆ ವ್ಯಾಪಾರದ ಕಾರಣ ಕೊಟ್ಟಿದ್ದಾರೆ. ಜರ್ಮನಿಯ ಹ್ಯಾನೋವರ್‌ನಲ್ಲಿ ಪಾಲಿಗ್ರಾಂ 115 ಮಿಲಿಮೀಟರ್ ತಟ್ಟೆಗಳ ತಯಾರಿಕೆಗೆ ಸಜ್ಜಾಗಿತ್ತು. ಸೋನಿಗೆ ಅಂಥ ಕಾರ್ಖಾನೆ ಇನ್ನೂ ಇರಲಿಲ್ಲ. ಅಳತೆ ಬದಲಾದರೆ ಫಿಲಿಪ್ಸ್‌ಗಿದ್ದ ಮುನ್ನಡೆ ಕರಗಿ, ಇಬ್ಬರೂ ಒಂದೇ ಗೆರೆಯಿಂದ ಓಡಬೇಕಾಗುತ್ತಿತ್ತು. ಇಮ್ಮಿಂಕ್ ಅವರ ಇನ್ನೊಂದು ವಾದ ತಾಂತ್ರಿಕವಾದದ್ದು. ಆಗ ಮೂಲಪ್ರತಿಯಾಗಿ ಬಳಸುತ್ತಿದ್ದ ಯು-ಮ್ಯಾಟಿಕ್ ವಿಡಿಯೊ ಟೇಪಿನಲ್ಲಿ ಸುಮಾರು 72 ನಿಮಿಷ ಮಾತ್ರ ಹಿಡಿಯುತ್ತಿದ್ದುದರಿಂದ, ತಟ್ಟೆ ದೊಡ್ಡದಾದ ಮಾತ್ರಕ್ಕೆ 74 ನಿಮಿಷದ ಸಂಗೀತ ಅದರೊಳಗೆ ಬರುವಂತಿರಲಿಲ್ಲ. ಈ ನಿರೂಪಣೆ ಬಂದಿರುವುದು ಒಂದು ಪಕ್ಷದ ತಂತ್ರಜ್ಞರಿಂದ ಎಂಬುದನ್ನೂ ಓದುಗರು ಗಮನದಲ್ಲಿಡಬೇಕು. ಸೋನಿಯ ಕಡೆಯವರು ದೀರ್ಘ ಶಾಸ್ತ್ರೀಯ ಕೃತಿಗಳು ಒಂದೇ ತಟ್ಟೆಯಲ್ಲಿರಬೇಕೆಂಬ ಕಾರಣವನ್ನೇ ಮುಂದಿಡುತ್ತಾರೆ. ಎರಡೂ ಕಾರಣಗಳು ಒಟ್ಟಿಗೆ ಕೆಲಸ ಮಾಡಿರುವ ಸಾಧ್ಯತೆಯಿದೆ.

1982ರ ಆಗಸ್ಟ್ 17ರಂದು ಹ್ಯಾನೋವರ್ ಬಳಿಯ ಕಾರ್ಖಾನೆಯಲ್ಲಿ ಸಿಡಿಗಳ ಉತ್ಪಾದನೆ ಶುರುವಾಯಿತು. ಅಕ್ಟೋಬರ್ 1ರಂದು ಸೋನಿಯ ಸಿಡಿಪಿ-101 ಪ್ಲೇಯರ್ 1,68,000 ಯೆನ್ ಬೆಲೆಗೆ ಜಪಾನಿನಲ್ಲಿ ಮಾರಾಟಕ್ಕೆ ಬಂತು. ಯುರೋಪಿನ ಅಂಗಡಿಗಳಿಗೆ ಸಿಡಿ ಬಂದದ್ದು 1983ರಲ್ಲಿ.

ಈಚಿನ ರೂಪ

ಇಂದು ಪ್ರಸ್ತಾವ ಬಹುಪಾಲು ಒಂದು ಪುಟದ ಇಮೇಲ್ ಆಗಿದ್ದು, ಕೊನೆಯಲ್ಲಿ ಅರ್ಧ ಗಂಟೆಯ ಫೋನ್ ಅಥವಾ ವಿಡಿಯೊ ಮಾತುಕತೆಗೆ ಎರಡು ಮೂರು ಸಮಯಗಳನ್ನು ಸೂಚಿಸುತ್ತದೆ. ಗುಟ್ಟಿನ ವಿನ್ಯಾಸ, ಬೆಲೆಗಳನ್ನು ಮೊದಲ ಪತ್ರದಲ್ಲಿ ಬರೆಯದೆ, ಗೋಪ್ಯತೆಯ ಕರಾರಿಗೆ ಸಹಿ ಬಿದ್ದ ಮೇಲೆ ತೆರೆದಿಡುವುದು ವಾಡಿಕೆ. ಪೈಪೋಟಿಯಲ್ಲಿರುವ ಕಂಪನಿಗಳ ನಡುವಿನ ಪ್ರಸ್ತಾವದಲ್ಲಿ ಕಾನೂನಿನ ಎಚ್ಚರವೂ ಬೇಕು. ಭಾರತದ 2002ರ ಸ್ಪರ್ಧಾ ಕಾಯಿದೆಯ 3ನೇ ಸೆಕ್ಷನ್, ಪ್ರತಿಸ್ಪರ್ಧಿಗಳು ಸೇರಿ ಬೆಲೆ ನಿಗದಿ ಮಾಡುವುದು, ಮಾರುಕಟ್ಟೆ ಹಂಚಿಕೊಳ್ಳುವುದು ಸ್ಪರ್ಧೆಗೆ ಹಾನಿ ಎಂದು ಮೊದಲೇ ಭಾವಿಸುತ್ತದೆ. ಉತ್ಪಾದನೆ ಅಥವಾ ವಿತರಣೆಯ ದಕ್ಷತೆ ಹೆಚ್ಚಿಸುವ ಜಂಟಿ ಉದ್ಯಮಗಳಿಗೆ ಈ ಪೂರ್ವಭಾವನೆಯಿಂದ ವಿನಾಯಿತಿ ಇದೆ. ಆದ್ದರಿಂದ ಪರಸ್ಪರ ಲಾಭದ ಪಟ್ಟಿಯಲ್ಲಿ ಯಾವ ಖರ್ಚು ಇಳಿಯುತ್ತದೆ, ಯಾವ ಕೆಲಸ ಬೇಗ ಮುಗಿಯುತ್ತದೆ ಎಂಬುದನ್ನು ಬಿಡಿಸಿ ಬರೆದ ಪ್ರಸ್ತಾವ, ಮುಂದೆ ಸ್ಪರ್ಧಾ ಆಯೋಗ ವಿಚಾರಣೆಗೆ ಕರೆದರೆ ದಾಖಲೆಯಾಗಿಯೂ ಉಪಯೋಗಕ್ಕೆ ಬರಬಹುದು.