ಡೆಬಿಟ್ ಮೆಸೇಜ್ ಬಂದರೆ ಹಣ ಅಂಗಡಿಯವರಿಗೆ ತಲುಪಿದೆ ಎಂದರ್ಥವೇ? ಆ ಮೆಸೇಜ್ ಓದುವುದು ಹೇಗೆ?

"ಹಣ ಕಟ್ ಆದ ಮೆಸೇಜ್ ಬಂದರೆ ಪೇಮೆಂಟ್ ಆಗಿದೆ ಎಂದೇ ಅರ್ಥ", "ಮೆಸೇಜಿನಲ್ಲಿ ನಿಮ್ಮ ಖಾತೆಯ ಕೊನೆಯ ನಾಲ್ಕು ಅಂಕಿ ಇದ್ದರೆ ಅದು ಅಸಲಿ". ಇಂತಹ ಮಾತುಗಳು ವಾಟ್ಸಾಪ್‌ನಲ್ಲಿ ನಿಮಗೂ ಬಂದಿರಬಹುದು. ಇವೆರಡೂ ಪೂರ್ತಿ ನಿಜವಲ್ಲ. ಏಕೆ ಎಂಬುದನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

ಕಲಬುರಗಿ ಜಿಲ್ಲೆಯ ತೆಂಗಳಿಯ ರೈತರೊಬ್ಬರು ಸೇಡಂನ ಅಂಗಡಿಯೊಂದರಲ್ಲಿ ತೊಗರಿ ಬೀಜ ಕೊಂಡು, ಕ್ಯೂಆರ್ ಸ್ಕ್ಯಾನ್ ಮಾಡಿ 1,850 ರೂಪಾಯಿ ಕಳಿಸಿದರು ಎಂದಿಟ್ಟುಕೊಳ್ಳಿ. ಅವರ ಮೊಬೈಲಿಗೆ ಹೀಗೊಂದು ಮೆಸೇಜ್ ಬಂತು:

```
A/c XX4521 debited Rs.1850.00 on 14-06-25
UPI Ref 516512345678. Avl Bal Rs.6412.30
```

ಆದರೆ ಅಂಗಡಿಯವರು "ನಮಗೆ ಹಣ ಬಂದಿಲ್ಲ" ಅಂದರು. ಈಗ ಯಾರ ಮಾತು ಸರಿ? ಇಬ್ಬರದೂ ಸರಿ ಇರಬಹುದು.

"debited" ಅಂದರೆ ಏನು?

ಹಣ ನಿಮ್ಮ ಖಾತೆಯಿಂದ ಹೊರಟಿದೆ ಎಂದಷ್ಟೇ. ಈ ಮೆಸೇಜ್ ಕಳಿಸುವುದು ನಿಮ್ಮ ಬ್ಯಾಂಕ್. ಹಣ ಜಮಾ ಆಗಬೇಕಿರುವುದು ಅಂಗಡಿಯವರ ಬ್ಯಾಂಕಿನಲ್ಲಿ. ನಡುವೆ ಎಲ್ಲೋ ವ್ಯವಹಾರ ಸಿಕ್ಕಿಕೊಂಡರೆ ಇಲ್ಲಿ ಕಟ್ ಆಗಿರುತ್ತದೆ, ಅಲ್ಲಿ ಬಂದಿರುವುದಿಲ್ಲ. ಆದ್ದರಿಂದ ಅಂಗಡಿಯವರು ನೋಡಬೇಕಾದದ್ದು ತಮ್ಮ ಖಾತೆಯನ್ನು, ಗಿರಾಕಿಯ ಮೊಬೈಲನ್ನಲ್ಲ.

ಹಾಗಾದರೆ ಹಣ ಹೋಯಿತೇ?

ಇಲ್ಲ. ಮೆಸೇಜಿನಲ್ಲಿರುವ 12 ಅಂಕಿಯ ರೆಫರೆನ್ಸ್ ನಂಬರ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಎರಡೂ ಬ್ಯಾಂಕುಗಳು ಆ ಒಂದು ವ್ಯವಹಾರವನ್ನು ಗುರುತಿಸುವುದು ಇದರಿಂದಲೇ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿಯಮದ ಪ್ರಕಾರ, ಯುಪಿಐನಲ್ಲಿ ವ್ಯಕ್ತಿಗೆ ಕಳಿಸಿದ ಹಣ ತಲುಪದಿದ್ದರೆ ಮರುದಿನದೊಳಗೆ ತಾನಾಗಿಯೇ ವಾಪಸ್ ಬರಬೇಕು. ಅಂಗಡಿಯಂತಹ ವ್ಯಾಪಾರಿ ಖಾತೆಗೆ ಕಳಿಸಿದ್ದಾದರೆ 5 ದಿನದೊಳಗೆ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ನಮ್ಮ ಉದಾಹರಣೆಯಲ್ಲಿ ಹಣ ಜೂನ್ 19ರೊಳಗೆ ಮರಳಬೇಕು. ಬರದಿದ್ದರೆ ಯುಪಿಐ ಆ್ಯಪ್‌ನಲ್ಲಿ ಆ ವ್ಯವಹಾರ ತೆರೆದು ದೂರು ದಾಖಲಿಸಬಹುದು, ಅಥವಾ ಈ ನಂಬರ್ ಹಿಡಿದು ಬ್ಯಾಂಕಿಗೆ ಹೋಗಬಹುದು. ಅದಕ್ಕೇ ಮೆಸೇಜ್ ಅಳಿಸಬೇಡಿ.

XX4521 ಮತ್ತು ಬ್ಯಾಲೆನ್ಸ್ ಏನು ಹೇಳುತ್ತವೆ?

ಮೆಸೇಜನ್ನು ಬೇರೆಯವರು ನೋಡಿದರೂ ಪೂರ್ತಿ ಖಾತೆ ಸಂಖ್ಯೆ ಸಿಗದಿರಲಿ ಎಂದು ಬ್ಯಾಂಕ್ ಕೊನೆಯ ಕೆಲವು ಅಂಕಿ ಮಾತ್ರ ತೋರಿಸುತ್ತದೆ. ನಿಮಗೆ ಎರಡು ಖಾತೆ ಇದ್ದರೆ ಹಣ ಯಾವುದರಿಂದ ಹೋಯಿತು ಎಂದು ಇದರಿಂದ ತಿಳಿಯುತ್ತದೆ. ಆದರೆ ನಿಮ್ಮ ಹಳೆಯ ಸ್ಕ್ರೀನ್‌ಶಾಟ್ ನೋಡಿದ ಯಾರಿಗಾದರೂ ಈ ಅಂಕಿಗಳು ಗೊತ್ತಿರಬಹುದು. ಹಾಗಾಗಿ ಇವು ಸರಿ ಇದ್ದ ಮಾತ್ರಕ್ಕೆ ಮೆಸೇಜ್ ಅಸಲಿ ಎನ್ನಲಾಗದು.

ಬ್ಯಾಲೆನ್ಸ್ ಇದಕ್ಕಿಂತ ಒಳ್ಳೆಯ ಸಾಕ್ಷಿ. ಹಿಂದಿನ ಮೆಸೇಜಿನಲ್ಲಿ 8,262.30 ಇದ್ದರೆ, 1,850 ಕಳೆದಾಗ 6,412.30 ಉಳಿಯಬೇಕು. ಲೆಕ್ಕ ಕೂಡಿದರೆ ಸರಿ. ಕೂಡದಿದ್ದರೆ ನಡುವೆ ಬೇರೇನೋ ಕಟ್ ಆಗಿದೆ, ಅಥವಾ ನೆಟ್‌ವರ್ಕ್ ಇಲ್ಲದೆ ಮೆಸೇಜುಗಳು ಹಿಂದುಮುಂದಾಗಿ ಬಂದಿವೆ, ಇಲ್ಲವೇ ಮೆಸೇಜೇ ನಕಲಿ. ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ ಅಥವಾ ಆ್ಯಪ್‌ನಲ್ಲಿ ನೋಡಿದರೆ ಗೊತ್ತಾಗುತ್ತದೆ. ಕೆಲವು ಬ್ಯಾಂಕುಗಳು ಯುಪಿಐ ಮೆಸೇಜಿನಲ್ಲಿ ಬ್ಯಾಲೆನ್ಸ್ ಹಾಕುವುದೇ ಇಲ್ಲ. ಅದಿಲ್ಲ ಎಂದು ಗಾಬರಿ ಬೇಡ.

ಮೆಸೇಜ್ ಎಲ್ಲಿಂದ ಬಂತು ಎಂಬುದನ್ನೂ ನೋಡಿ. ಬ್ಯಾಂಕಿನ ಎಸ್‌ಎಂಎಸ್ ಅಕ್ಷರಗಳ ಹೆಸರಿನಿಂದ ಬರುತ್ತದೆ. 2025ರ ಮೇ ತಿಂಗಳಿಂದ ಆ ಹೆಸರಿನ ಕೊನೆಯಲ್ಲಿ ಸೇವೆಗೆ -S, ವ್ಯವಹಾರಕ್ಕೆ -T, ಜಾಹೀರಾತಿಗೆ -P ಎಂಬ ಗುರುತು ಇರುತ್ತದೆ. ಸಾಮಾನ್ಯ 10 ಅಂಕಿಯ ಮೊಬೈಲ್ ನಂಬರಿನಿಂದ "ಹಣ ಕಟ್ ಆಗಿದೆ, ಈ ಲಿಂಕ್ ಒತ್ತಿ" ಎಂದು ಬಂದರೆ ನಂಬಬೇಡಿ.

ನೀವು ಮಾಡದ ಪೇಮೆಂಟ್‌ಗೆ ಮೆಸೇಜ್ ಬಂದರೆ?

ಆಗ ಮೆಸೇಜ್ ಬಂದ ದಿನಾಂಕ ಮುಖ್ಯ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಪ್ರಕಾರ, ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಹೊರಗಿನವರದು ಎಂದಾದರೆ, ಮೆಸೇಜ್ ಬಂದ ದಿನ ಬಿಟ್ಟು 3 ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದಲ್ಲಿ ನಷ್ಟ ನಿಮ್ಮ ಮೇಲೆ ಬರುವುದಿಲ್ಲ. ಪಿನ್ ಅಥವಾ ಒಟಿಪಿ ನೀವೇ ಹೇಳಿಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ. ಹಾಗಾಗಿ ಮೊದಲು ಬ್ಯಾಂಕಿಗೆ, ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬ್ಯಾಂಕಿನ ನಂಬರನ್ನು ಪಾಸ್‌ಬುಕ್ ಅಥವಾ ಎಟಿಎಂ ಕಾರ್ಡಿನ ಹಿಂಬದಿಯಿಂದಲೇ ತೆಗೆದುಕೊಳ್ಳಿ. ಅನುಮಾನ ಬಂದ ಮೆಸೇಜಿನಲ್ಲಿರುವ ನಂಬರಿಗೆ ಕರೆ ಮಾಡಬೇಡಿ.

ಒಟ್ಟಿನಲ್ಲಿ, ಡೆಬಿಟ್ ಮೆಸೇಜ್ ನಿಮ್ಮ ಖಾತೆಯ ಸುದ್ದಿ ಹೇಳುತ್ತದೆಯೇ ಹೊರತು ಎದುರಿನವರ ಖಾತೆಯದ್ದಲ್ಲ. ಇದನ್ನು ಯಾರಿಗಾದರೂ ತೋರಿಸಲು ಸ್ಕ್ರೀನ್‌ಶಾಟ್ ಕಳಿಸುವುದಾದರೆ ಬ್ಯಾಲೆನ್ಸ್ ಮತ್ತು ಖಾತೆಯ ಅಂಕಿಗಳನ್ನು ಮರೆಮಾಡಿ, ರೆಫರೆನ್ಸ್ ನಂಬರ್ ಮಾತ್ರ ಉಳಿಸಿ.